ಹಾಸನದ ಒಂದು ಬೀದಿ, ಒಂದು ತಾರಸಿ: ನಗರ ಉಷ್ಣದ್ವೀಪವನ್ನು ಅಳೆದು ತಗ್ಗಿಸುವ ಸಮಗ್ರ ಮಾರ್ಗದರ್ಶಿ

ನಗರ ಯೋಜನೆ ಓದುವವರಿಗೆ ಹಾಸನ ಒಳ್ಳೆಯ ಅಭ್ಯಾಸದ ಊರು. ಒಂದು ಕಡೆ ಮಲೆನಾಡು, ಇನ್ನೊಂದು ಕಡೆ ಬಯಲುಸೀಮೆ, ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲೆ. ಹಗಲು ಎಷ್ಟೇ ಬಿಸಿಲಿದ್ದರೂ ಸಂಜೆಯಾದರೆ ಗಾಳಿ ತಣ್ಣಗಾಗಬೇಕು. ಊರ ಹೊರಗಿನ ಹೊಲಗಳಲ್ಲಿ ಈಗಲೂ ಹಾಗೇ ಆಗುತ್ತದೆ. ಊರ ನಡುವಿನ ಬೀದಿಗಳಲ್ಲಿ ಮಾತ್ರ ರಾತ್ರಿ ಹತ್ತು ಗಂಟೆಗೂ ಗೋಡೆಗೆ ಕೈಯಿಟ್ಟರೆ ಬೆಚ್ಚಗಿರುತ್ತದೆ. ಈ ವ್ಯತ್ಯಾಸವೇ ಉಷ್ಣದ್ವೀಪ. ಅದನ್ನು ಅಳೆಯುವುದು ಹೇಗೆ, ಒಂದು ಬೀದಿಗೆ ಮರ ಮತ್ತು ಒಂದು ಕಟ್ಟಡಕ್ಕೆ ಹಸಿರು ತಾರಸಿ ಲೆಕ್ಕಹಾಕಿ ಹಾಕುವುದು ಹೇಗೆ ಎಂಬುದಷ್ಟೇ ಇಲ್ಲಿದೆ.

ಮೊದಲೇ ಒಂದು ಮಾತು. ಮರ ಬೀದಿಯಲ್ಲಿ ನಡೆಯುವವರಿಗೆ ಕೆಲಸ ಮಾಡುತ್ತದೆ, ಹಸಿರು ತಾರಸಿ ಅದರ ಕೆಳಗಿನ ಕೋಣೆಯಲ್ಲಿ ಕೂತವರಿಗೆ ಕೆಲಸ ಮಾಡುತ್ತದೆ. ಮೂರನೇ ಮಹಡಿಯ ಮೇಲೆ ಎಷ್ಟೇ ಹಸಿರು ಬೆಳೆಸಿದರೂ ಆ ತಂಪು ಕೆಳಗಿನ ಫುಟ್‌ಪಾತಿಗೆ ಇಳಿಯುವುದು ತೀರಾ ಕಡಿಮೆ. ಎರಡನ್ನೂ ಒಂದೇ ಶೀರ್ಷಿಕೆಯಡಿ ಕೂಡಿಸಿ 'ಹಸಿರು ಪ್ರಮಾಣ ಇಷ್ಟು ಶೇಕಡಾ' ಎಂದು ಬರೆದ ಯೋಜನಾ ವರದಿಗಳು ಬಿಸಿಲಲ್ಲಿ ನಿಂತ ತಳ್ಳುಗಾಡಿಯವರಿಗೆ ಯಾವ ಪ್ರಯೋಜನವನ್ನೂ ಮಾಡುವುದಿಲ್ಲ.

## ಬಿಸಿ ಎಲ್ಲಿ ಕೂಡಿಕೊಳ್ಳುತ್ತದೆ

ಮೂರು ಕಾರಣಗಳನ್ನು ಬೇರೆ ಬೇರೆಯಾಗಿ ನೋಡಬೇಕು, ಏಕೆಂದರೆ ಪ್ರತಿಯೊಂದಕ್ಕೂ ಪರಿಹಾರ ಬೇರೆ.

ಮೊದಲನೆಯದು ಕಾಂಕ್ರೀಟು ಮತ್ತು ಡಾಂಬರು ಶಾಖವನ್ನು ಕೂಡಿಟ್ಟುಕೊಳ್ಳುವುದು. ಒಂದು ಘನಮೀಟರ್ ಕಾಂಕ್ರೀಟನ್ನು ಒಂದು ಡಿಗ್ರಿ ಬಿಸಿ ಮಾಡಲು ಸುಮಾರು 2 ಮೆಗಾಜೌಲ್ ಬೇಕು. 125 ಮಿಲಿಮೀಟರ್ ದಪ್ಪದ ಆರ್‌ಸಿಸಿ ಮೋಲ್ಡು ಬೆಳಗಿನಿಂದ ಮಧ್ಯಾಹ್ನದವರೆಗೆ 20 ಡಿಗ್ರಿ ಏರಿತು ಅನ್ನಿ. ಪ್ರತಿ ಚದರ ಮೀಟರಿನಲ್ಲೂ 5 ಮೆಗಾಜೌಲ್, ಅಂದರೆ 1.4 ಯೂನಿಟ್ ಕರೆಂಟಿನಷ್ಟು ಶಾಖ ಕೂತಂತಾಯಿತು. ಅದು ರಾತ್ರಿಯಿಡೀ ಒಳಗೂ ಹೊರಗೂ ಇಳಿಯುತ್ತಿರುತ್ತದೆ.

ಎರಡನೆಯದು ನೀರು ಆವಿಯಾಗದಿರುವುದು. ಒಂದು ಲೀಟರ್ ನೀರು ಆವಿಯಾಗಲು ಸುಮಾರು 2.45 ಮೆಗಾಜೌಲ್, ಅಂದರೆ 0.68 ಯೂನಿಟ್ ಶಾಖ ಹೀರುತ್ತದೆ. ಹಸಿ ಮಣ್ಣು, ಎಲೆ, ಕೆರೆ ಇರುವಲ್ಲಿ ಬಿಸಿಲಿನ ದೊಡ್ಡ ಪಾಲು ಇದಕ್ಕೇ ಖರ್ಚಾಗುತ್ತದೆ. ಸಿಮೆಂಟ್ ನೆಲದ ಮೇಲೆ ಬಿದ್ದ ಬಿಸಿಲಿಗೆ ಈ ಖರ್ಚಿನ ದಾರಿಯೇ ಇಲ್ಲ. ಈ ಅಂಕಿಯನ್ನು ನೆನಪಿಡಿ, ಮುಂದೆ ತಾರಸಿಯ ಲೆಕ್ಕದಲ್ಲಿ ಮತ್ತೆ ಬೇಕಾಗುತ್ತದೆ.

ಮೂರನೆಯದು ಬೀದಿಯ ಆಕಾರ. ನೆಲ ರಾತ್ರಿ ತಣ್ಣಗಾಗುವುದು ತೆರೆದ ಆಕಾಶಕ್ಕೆ ಶಾಖ ಬಿಟ್ಟು. ಆರು ಮೀಟರ್ ಅಗಲದ ಗಲ್ಲಿಯ ಎರಡೂ ಬದಿ ಮೂರು ಮಹಡಿ ಎದ್ದರೆ ನೆಲಕ್ಕೆ ಕಾಣುವ ಆಕಾಶ ಒಂದು ಪಟ್ಟಿಯಷ್ಟೇ. ಗೋಡೆ ಬಿಟ್ಟ ಶಾಖ ಎದುರು ಗೋಡೆಗೆ ತಾಗಿ ಅಲ್ಲೇ ಸುತ್ತುತ್ತದೆ. ವಾಹನ, ಎ.ಸಿ., ಹೋಟೆಲಿನ ಒಲೆಗಳ ಶಾಖವೂ ಇದರ ಜೊತೆ ಸೇರುತ್ತದೆ, ಆದರೆ ಹಾಸನದಂಥ ಊರಲ್ಲಿ ಅದರ ಪಾಲು ಮೇಲಿನ ಮೂರಕ್ಕೆ ಹೋಲಿಸಿದರೆ ಚಿಕ್ಕದು.

## ಹಂತ 1: ಉಪಗ್ರಹ ಚಿತ್ರ, ಮತ್ತು ಅದು ದಾರಿ ತಪ್ಪಿಸುವ ಬಗೆ

ಲ್ಯಾಂಡ್‌ಸ್ಯಾಟ್ 8 ಮತ್ತು 9 ಉಪಗ್ರಹಗಳು ಪ್ರತಿಯೊಂದೂ 16 ದಿನಕ್ಕೊಮ್ಮೆ ಒಂದೇ ಜಾಗದ ಮೇಲೆ ಹಾಯುತ್ತವೆ. ಎರಡನ್ನೂ ಸೇರಿಸಿದರೆ 8 ದಿನಕ್ಕೊಂದು ಚಿತ್ರ. ನೆಲದ ಮೇಲ್ಮೈ ಉಷ್ಣತೆಯ ಪದರ `ST_B10` ಎಂಬ ಹೆಸರಲ್ಲಿ ಸಿದ್ಧವಾಗಿಯೇ ಸಿಗುತ್ತದೆ. ಗೂಗಲ್ ಅರ್ಥ್ ಎಂಜಿನ್‌ನ ಕೋಡ್ ಎಡಿಟರಿನಲ್ಲಿ ಇಷ್ಟು ಸಾಕು:

```javascript
var hassan = ee.Geometry.Point([76.10, 13.00]);
var lst = ee.ImageCollection('LANDSAT/LC09/C02/T1_L2')
  .filterBounds(hassan)
  .filterDate('2025-03-01', '2025-05-15')
  .filter(ee.Filter.lt('CLOUD_COVER', 20))
  .map(function (i) {
    var clear = i.select('QA_PIXEL').bitwiseAnd(24).eq(0);
    return i.select('ST_B10').multiply(0.00341802).add(149.0)
            .subtract(273.15).updateMask(clear);
  }).median();
Map.centerObject(hassan, 13);
Map.addLayer(lst, {min: 28, max: 48,
  palette: ['blue', 'yellow', 'red']}, 'LST');
```

`24` ಎಂಬುದು ಮೋಡ ಮತ್ತು ಮೋಡದ ನೆರಳನ್ನು ತೆಗೆಯುವ ಗುರುತು. ಅದನ್ನು ಬಿಟ್ಟರೆ ಮೋಡದ ಅಂಚುಗಳೆಲ್ಲ 'ತಂಪು ಪ್ರದೇಶ' ಎಂದು ತೋರುತ್ತವೆ.

ಚಿತ್ರ ಬಂದ ಕೂಡಲೇ ಹೆಚ್ಚಿನ ವಿದ್ಯಾರ್ಥಿಗಳಿಗೆ ಗೊಂದಲವಾಗುತ್ತದೆ. ಏಪ್ರಿಲ್ ಚಿತ್ರದಲ್ಲಿ ಊರಿಗಿಂತ ಸುತ್ತಲ ಹೊಲಗಳೇ ಕೆಂಪಗೆ ಕಾಣಬಹುದು. ಇದು ದೋಷವಲ್ಲ. ಹಾಸನದ ಸುತ್ತ ಆಲೂಗಡ್ಡೆ ನಾಟಿಗೆ ಮುಂಗಾರಿನ ಮೊದಲ ಮಳೆಗಳವರೆಗೆ ಕಾಯುತ್ತಾರೆ. ಅಲ್ಲಿಯತನಕ ಉತ್ತ ಒಣ ಮಣ್ಣು ಬಟ್ಟಬಯಲಾಗಿ ಬಿದ್ದಿರುತ್ತದೆ. ಉಪಗ್ರಹ ಹಾಯುವುದು ಬೆಳಗಿನ ಹತ್ತು, ಹತ್ತೂವರೆಯ ಹೊತ್ತಿಗೆ. ಆಗ ಒಣ ಮಣ್ಣಿನ ಮೇಲ್ಪದರ ಬೇಗ ಕಾಯುತ್ತದೆ, ಕಾಂಕ್ರೀಟು ಇನ್ನೂ ಶಾಖವನ್ನು ಒಳಗೆ ಎಳೆದುಕೊಳ್ಳುತ್ತಿರುತ್ತದೆ. ಆ ಗಳಿಗೆಯ ಚಿತ್ರ ನೋಡಿ 'ಹಾಸನದಲ್ಲಿ ಉಷ್ಣದ್ವೀಪವೇ ಇಲ್ಲ' ಎಂದು ಬರೆದರೆ ಇಡೀ ಯೋಜನೆ ತಲೆಕೆಳಗು. ಹೊಲ ರಾತ್ರಿ ಎಂಟಕ್ಕೆ ತಣ್ಣಗಾಗಿರುತ್ತದೆ, ಊರು ಆಗಿರುವುದಿಲ್ಲ.

ಹಾಗಾಗಿ ಉಪಗ್ರಹ ಚಿತ್ರವನ್ನು ಊರು ಮತ್ತು ಹೊಲದ ಹೋಲಿಕೆಗೆ ಬಳಸಬೇಡಿ. ಊರೊಳಗೇ ಒಂದು ಬಡಾವಣೆಯನ್ನು ಇನ್ನೊಂದರ ಜೊತೆ ಹೋಲಿಸಲು ಬಳಸಿ. ಇನ್ನೊಂದು ಮಿತಿಯೂ ಇದೆ. ಚಿತ್ರ 30 ಮೀಟರಿನ ಚೌಕಗಳಾಗಿ ಕಂಡರೂ ಶಾಖದ ಮೂಲ ಅಳತೆ 100 ಮೀಟರಿನದು. ಒಂದು ತಾರಸಿಯನ್ನೋ ಒಂದು ಸಾಲು ಮರವನ್ನೋ ಅದರಲ್ಲಿ ಹುಡುಕಬಾರದು. ಬಸ್ ನಿಲ್ದಾಣ, ಮಾರುಕಟ್ಟೆ, ದೊಡ್ಡ ಶೀಟ್ ಗೋದಾಮುಗಳಂಥ ಜಾಗ ಗುರುತಿಸಿದರೆ ಅದರ ಕೆಲಸ ಮುಗಿಯಿತು.

## ಹಂತ 2: ರಾತ್ರಿಯ ಅಳತೆ

ಬೇಕಾದದ್ದು ಎರಡು ಡಿಜಿಟಲ್ ಥರ್ಮಾಮೀಟರ್. ಒಂದನ್ನು ಊರ ಹೊರಗೆ ಒಂದೇ ಜಾಗದಲ್ಲಿ ಇಡಬೇಕು, ಇನ್ನೊಂದನ್ನು ಹಿಡಿದು ತಿರುಗಬೇಕು. ಸೆನ್ಸರ್ ನೆಲದಿಂದ ಒಂದೂವರೆ ಮೀಟರ್ ಎತ್ತರದಲ್ಲಿರಲಿ. ಬಿಳಿ ಪ್ಲಾಸ್ಟಿಕ್ ತಟ್ಟೆಗಳನ್ನು ನಡುವೆ ಒಂದೆರಡು ಸೆಂಟಿಮೀಟರ್ ಬಿಟ್ಟು ಒಂದರ ಮೇಲೊಂದು ಕಟ್ಟಿ ಅದರೊಳಗೆ ಸೆನ್ಸರ್ ತೂಗುಬಿಟ್ಟರೆ ಗೋಡೆಯ, ದೀಪದ ಶಾಖ ನೇರವಾಗಿ ತಾಗುವುದಿಲ್ಲ. ಹೊರಡುವ ಮುನ್ನ ಎರಡನ್ನೂ ಅರ್ಧ ಗಂಟೆ ಒಟ್ಟಿಗೆ ಇಟ್ಟು, ಅವುಗಳ ನಡುವಿನ ವ್ಯತ್ಯಾಸ ಬರೆದುಕೊಳ್ಳಿ.

ಫೆಬ್ರವರಿಯಿಂದ ಏಪ್ರಿಲ್ ನಡುವೆ, ಮೋಡವಿಲ್ಲದ, ಗಾಳಿ ಬೀಸದ ರಾತ್ರಿ ಆರಿಸಿ. ಸೂರ್ಯ ಮುಳುಗಿ ಎರಡು ಮೂರು ಗಂಟೆಯ ನಂತರ ಅಂತರ ಚೆನ್ನಾಗಿ ಕಾಣುತ್ತದೆ. ಮಳೆ ಬಂದ ದಿನದ ಅಳತೆ ಉಪಯೋಗಕ್ಕೆ ಬಾರದು. ಸ್ಕೂಟರಿನಲ್ಲಿ ಹೋಗುವುದಾದರೆ ಸೆನ್ಸರ್ ಎಂಜಿನ್ನಿಗಿಂತ ಮುಂದಿರಬೇಕು. ಪ್ರತಿ ಜಾಗದಲ್ಲಿ ಎರಡು ಮೂರು ನಿಮಿಷ ಎಂಜಿನ್ ನಿಲ್ಲಿಸಿ ಕಾದು ಓದಬೇಕು.

ಸುತ್ತುವಷ್ಟು ಹೊತ್ತಿನಲ್ಲಿ ಇಡೀ ಊರೇ ತಣ್ಣಗಾಗುತ್ತಿರುತ್ತದೆ, ಅದನ್ನು ಕಳೆಯದಿದ್ದರೆ ಲೆಕ್ಕ ಕೆಡುತ್ತದೆ. ಉದಾಹರಣೆಗೆ ಹೊರಗಿನ ಜಾಗದಲ್ಲಿ 8:30ಕ್ಕೆ 24.6 ಡಿಗ್ರಿ, ಮಾರುಕಟ್ಟೆಯಲ್ಲಿ 9:00ಕ್ಕೆ 26.7, ಮತ್ತೆ ಹೊರಗೆ 9:30ಕ್ಕೆ 23.8 ಎಂದಿಟ್ಟುಕೊಳ್ಳಿ. ಗಂಟೆಗೆ 0.8 ಇಳಿದಿದೆ. 9:00ಕ್ಕೆ ಹೊರಗೆ 24.2 ಇದ್ದಿರಬೇಕು. ಹಾಗಾಗಿ ಉಷ್ಣದ್ವೀಪದ ತೀವ್ರತೆ 2.5 ಡಿಗ್ರಿ. ಮೊದಲ ಓದನ್ನೇ ಇಟ್ಟುಕೊಂಡಿದ್ದರೆ 2.1 ಬರುತ್ತಿತ್ತು. ಹೊರಗಿನ ಥರ್ಮಾಮೀಟರ್ ತಾನೇ ದಾಖಲಿಸಿಕೊಳ್ಳುವ ಬಗೆಯದಾದರೆ ಈ ಸರಾಸರಿಯೂ ಬೇಡ, ಅದೇ ನಿಮಿಷದ ಓದು ಸಿಗುತ್ತದೆ.

ಹೊರಗಿನ ಜಾಗ ಆರಿಸುವುದರಲ್ಲಿ ಹೆಚ್ಚು ಜನ ಎಡವುತ್ತಾರೆ. ಕೆರೆ ಏರಿಯ ಪಕ್ಕ ಬೇಡ, ತಗ್ಗಿನ ಗದ್ದೆ ಬಯಲು ಬೇಡ. ರಾತ್ರಿ ತಣ್ಣನೆಯ ಗಾಳಿ ತಗ್ಗಿಗೆ ಹರಿದು ನಿಲ್ಲುತ್ತದೆ, ಅಂತರ ಸುಳ್ಳಾಗಿ ಹಿಗ್ಗುತ್ತದೆ. ಎತ್ತರವೂ ಊರಿನಷ್ಟೇ ಇರಬೇಕು. ಒಂದು ಕಿಲೋಮೀಟರ್ ಮೇಲೇರಿದರೆ ಸರಾಸರಿ 6.5 ಡಿಗ್ರಿ ಇಳಿಯುತ್ತದೆ. ಹಾಸನದ ಆಸುಪಾಸಿನಲ್ಲಿ ಇದು ದೊಡ್ಡ ತೊಡಕಲ್ಲ, ಚಿಕ್ಕಮಗಳೂರಿನಲ್ಲಿ ಅಭ್ಯಾಸ ಮಾಡುವವರಿಗೆ ತೊಡಕು. ಸುಮಾರು 1,090 ಮೀಟರಿನಲ್ಲಿರುವ ಆ ಪೇಟೆಯನ್ನು 1,930 ಮೀಟರಿನ ಮುಳ್ಳಯ್ಯನಗಿರಿಯ ಜೊತೆ ಹೋಲಿಸಿದರೆ ಕಾಂಕ್ರೀಟು ಇಲ್ಲದಿದ್ದರೂ ಐದು ಡಿಗ್ರಿಗೂ ಮೀರಿದ ಅಂತರ ಬರುತ್ತದೆ.

ಹಗಲಿನಲ್ಲಿ ಗೋಡೆ, ನೆಲ, ತಾರಸಿಗಳನ್ನು ಇನ್ಫ್ರಾರೆಡ್ ಗನ್ನಿನಿಂದ ಓದಬಹುದು. ಮೇಲ್ಮೈ ಎಷ್ಟು ಚೆನ್ನಾಗಿ ಶಾಖ ಹೊರಸೂಸುತ್ತದೆ ಎಂದು ಗನ್ನಿಗೆ ತಿಳಿಸುವ ಅಂಕಿ ಎಮಿಸಿವಿಟಿ. ಕಾಂಕ್ರೀಟು, ಮಣ್ಣು, ಎಲೆಗೆ ಅದನ್ನು 0.95 ಇಟ್ಟರೆ ಸಾಕು. ಹೊಳೆಯುವ ಜಿಂಕ್ ಶೀಟಿನ ಮೇಲೆ ಮಾತ್ರ ಈ ಓದನ್ನು ನಂಬಬೇಡಿ. ಶೀಟು ಆಕಾಶವನ್ನು ಪ್ರತಿಫಲಿಸುತ್ತದೆ, ಕೈ ಸುಡುವ ಶೀಟನ್ನೂ ಗನ್ ತಂಪಾಗಿ ತೋರಿಸುತ್ತದೆ. ಒಂದು ತುಂಡು ಕಪ್ಪು ಇನ್ಸುಲೇಶನ್ ಟೇಪ್ ಅಂಟಿಸಿ, ಹತ್ತು ನಿಮಿಷ ಬಿಟ್ಟು, ಟೇಪಿನ ಮೇಲೆ ಓದಿ.

## ಹಂತ 3: ಬೀದಿಗೆ ಮರ

ಅಭ್ಯಾಸಕ್ಕೆ ಬಿ.ಎಂ. ರಸ್ತೆಯಿಂದ ಒಳಕ್ಕೆ ಹೋಗುವ ಅಡ್ಡರಸ್ತೆಯಂಥ ಒಂದು ಕಲ್ಪಿತ ಬೀದಿ ಇಟ್ಟುಕೊಳ್ಳೋಣ. ಉದ್ದ 140 ಮೀಟರ್, ಅಗಲ 12 ಮೀಟರ್, ಉತ್ತರ ದಕ್ಷಿಣವಾಗಿ ಹೋಗುತ್ತದೆ. ಪಶ್ಚಿಮ ಬದಿಯಲ್ಲಿ ಕರೆಂಟು ಕಂಬಗಳ ಸಾಲಿದೆ. ಎರಡೂ ಕಡೆ ಅಂಗಡಿ, ಮೇಲೆ ಮನೆ.

ಸೂರ್ಯನ ದಾರಿ ಮೊದಲು ನೋಡಿ. ಹಾಸನ 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಏಪ್ರಿಲ್ 25ರ ಆಸುಪಾಸಿನಲ್ಲಿ ಮಧ್ಯಾಹ್ನದ ಸೂರ್ಯ ನೆತ್ತಿಯ ಮೇಲೇ ಬರುತ್ತಾನೆ, ಗೋಡೆಗಳಿಗೆ ನೆರಳೇ ಇರುವುದಿಲ್ಲ. ಆ ಹೊತ್ತಿಗೆ ನೆರಳು ಕೊಡುವುದು ಮೇಲಿಂದ ಚಾಚಿದ ಎಲೆಗೊಡೆ ಮಾತ್ರ. ಎರಡು ಗಂಟೆಯ ನಂತರ ಬಿಸಿಲು ಪಶ್ಚಿಮದಿಂದ ಓರೆಯಾಗಿ ಬಂದು ಪೂರ್ವ ಬದಿಯ ಫುಟ್‌ಪಾತು ಮತ್ತು ಅಂಗಡಿಗಳ ಮುಖಕ್ಕೆ ಹೊಡೆಯುತ್ತದೆ. ಆದ್ದರಿಂದ ಈ ಬೀದಿಯಲ್ಲಿ ದೊಡ್ಡ ಮರಗಳ ಜಾಗ ಪೂರ್ವದ ಫುಟ್‌ಪಾತು. ನಮ್ಮ ಅದೃಷ್ಟಕ್ಕೆ ತಂತಿಗಳೂ ಅಲ್ಲಿಲ್ಲ. ಪೂರ್ವ ಪಶ್ಚಿಮವಾಗಿ ಹೋಗುವ ಬೀದಿಯಾದರೆ ಸಂಜೆಯ ಬಿಸಿಲು ಬೀದಿಯುದ್ದಕ್ಕೂ ಬರುತ್ತದೆ. ಆಗ ಯಾವ ಬದಿ ಎನ್ನುವುದಕ್ಕಿಂತ ಮರಗಳ ನಡುವಿನ ಅಂತರ ಮುಖ್ಯ.

ಇನ್ನು ಯಾವ ಮರ. ಕೇಳಬೇಕಾದ ಮೊದಲ ಪ್ರಶ್ನೆ ಒಂದೇ: ಏಪ್ರಿಲ್‌ನಲ್ಲಿ ಅದರ ಮೈಮೇಲೆ ಎಲೆ ಇರುತ್ತದೆಯೇ? ಗುಲ್‌ಮೊಹರ್, ಟಬೂಬಿಯ, ಕಕ್ಕೆ ಮೂರೂ ನೋಡಲು ಚೆಂದ. ಬೇಸಿಗೆಯ ಕಡು ಬಿಸಿಲಿನ ವಾರಗಳಲ್ಲಿ ಇವು ಎಲೆಯುದುರಿಸಿ ಬರೀ ಹೂ ಹೊತ್ತು ನಿಲ್ಲುವುದೇ ಹೆಚ್ಚು. ಉದ್ಯಾನದಲ್ಲಿರಲಿ, ಬಸ್ ಕಾಯುವ ಜಾಗದಲ್ಲಿ ಬೇಡ. ಕಂಬದಂತೆ ನೆಟ್ಟಗೆ ಬೆಳೆಯುವ ಉದ್ದೆಲೆಯ ಅಶೋಕಕ್ಕೆ ಸರ್ಕಾರಿ ಕಾಂಪೌಂಡುಗಳಲ್ಲಿ ಯಾಕಷ್ಟು ಪ್ರೀತಿಯೋ ತಿಳಿಯದು, ನಿಲ್ಲಲು ನೆರಳು ಸಿಗುವುದಿಲ್ಲ. ಹೊಂಗೆ ಬೇಸಿಗೆಯ ಆರಂಭದಲ್ಲಿ ಕೆಲವೇ ದಿನ ಬರಿದಾಗಿ, ಬಿಸಿಲೇರುವ ಹೊತ್ತಿಗೆ ಹೊಸ ಎಲೆ ತುಂಬಿಕೊಂಡಿರುತ್ತದೆ. ಪೂರ್ವ ಬದಿಗೆ ಅದೇ ಸರಿ. ಪಶ್ಚಿಮದ ತಂತಿಗಳ ಕೆಳಗೆ ಬಕುಳ ಹಾಕಿ. ನಿಧಾನ ಬೆಳೆಯುತ್ತದೆ, ವರ್ಷವಿಡೀ ಹಸಿರು, ಲೈನ್‌ಮನ್‌ಗಳು ಮಳೆಗಾಲಕ್ಕೆ ಮುಂಚೆ ತಲೆ ಕತ್ತರಿಸುವ ಸಂದರ್ಭ ಕಡಿಮೆ. ನೇರಳೆ ಒಳ್ಳೆಯ ಮರ, ಆದರೆ ಹಣ್ಣುದುರುವ ಕಾಲಕ್ಕೆ ಫುಟ್‌ಪಾತು ಜಾರುತ್ತದೆ, ಅಂಗಡಿಯವರು ತಿಂಗಳೊಳಗೆ ಕೊಂಬೆ ಕಡಿಸುತ್ತಾರೆ. ಆಲ, ಅರಳಿ, ಮಳೆಮರಗಳಿಗೆ ಈ ಬೀದಿ ಸಾಲದು.

ಮರದ ಗಾತ್ರವನ್ನು ನಿರ್ಧರಿಸುವುದು ಬೇರಿಗೆ ಸಿಗುವ ಮಣ್ಣು. ಎಲೆಗೊಡೆಯ ಪ್ರತಿ ಚದರ ಮೀಟರಿಗೆ 0.3ರಿಂದ 0.6 ಘನಮೀಟರ್ ಸಡಿಲ ಮಣ್ಣು ಬೇಕೆಂಬುದು ಬಳಕೆಯಲ್ಲಿರುವ ಅಂದಾಜು. 6 ಮೀಟರ್ ಅಡ್ಡಗಲದ ಹೊಂಗೆಗೆ ಎಲೆಗೊಡೆ 28 ಚದರ ಮೀಟರ್, ಅಂದರೆ ಕನಿಷ್ಠ 8.5 ಘನಮೀಟರ್ ಮಣ್ಣು. ಟೆಂಡರುಗಳಲ್ಲಿ ಬರೆಯುವ ಒಂದು ಮೀಟರ್ ಗುಂಡಿಯಲ್ಲಿ ಇರುವುದು ಒಂದೇ ಘನಮೀಟರ್. ಸುತ್ತಲೂ ಗಟ್ಟಿಸಿದ ಜಲ್ಲಿ. ಅಂಥ ಸಸಿ ನಾಲ್ಕೈದು ವರ್ಷ ಚೆನ್ನಾಗಿಯೇ ಬೆಳೆದು ಆಮೇಲೆ ನಿಂತುಬಿಡುತ್ತದೆ, ತುದಿ ಕೊಂಬೆಗಳು ಒಣಗುತ್ತವೆ, ಇಲ್ಲವೇ ಬೇರು ಮೇಲೆದ್ದು ಟೈಲ್ಸು ಎಬ್ಬಿಸುತ್ತದೆ. ಆಗ ಮರಕ್ಕೆ ರೋಗ ಎನ್ನುತ್ತಾರೆ.

ಬಿಡಿ ಗುಂಡಿಗಳ ಬದಲು ಫುಟ್‌ಪಾತಿನ ಕೆಳಗೆ ಉದ್ದಕ್ಕೂ ಒಂದೇ ಕಾಲುವೆ ತೋಡಿ. ಅಗಲ 1.2 ಮೀಟರ್, ಆಳ 0.9 ಮೀಟರ್. ಮರದಿಂದ ಮರಕ್ಕೆ 8 ಮೀಟರ್ ಬಿಟ್ಟರೆ ಒಂದಕ್ಕೆ 1.2 × 0.9 × 8 = 8.6 ಘನಮೀಟರ್ ಸಿಗುತ್ತದೆ. ಲೆಕ್ಕ ಸರಿಹೋಯಿತು. ಆದರೆ ಜನ ನಡೆದು ಈ ಮಣ್ಣು ಗಟ್ಟಿಯಾದರೆ ಮಾಡಿದ್ದೆಲ್ಲ ವ್ಯರ್ಥ. ಚರಂಡಿ ಮುಚ್ಚುವ ಹಾಗೆಯೇ ಕಾಲುವೆಯ ಎರಡೂ ಅಂಚಿಗೆ ಸೈಜುಗಲ್ಲಿನ ಗಿಡ್ಡ ಗೋಡೆ ಕಟ್ಟಿ, ಮೇಲೆ ಚಪ್ಪಡಿ ಹಾಸಿ. ಚಪ್ಪಡಿಗೂ ಮಣ್ಣಿಗೂ ನಡುವೆ ಐದಾರು ಸೆಂಟಿಮೀಟರ್ ಖಾಲಿ ಬಿಡಿ, ಚಪ್ಪಡಿಗಳ ನಡುವೆ ಎರಡು ಸೆಂಟಿಮೀಟರ್ ಸಂದು. ಮಳೆನೀರು, ಗಾಳಿ ಅಲ್ಲಿಂದಲೇ ಇಳಿಯಬೇಕು. ತೋಡುವ ಮುನ್ನ ಯುಜಿಡಿ ಮತ್ತು ಕುಡಿಯುವ ನೀರಿನ ಪೈಪುಗಳ ನಕ್ಷೆ ತರಿಸಿ, ನಕ್ಷೆ ಇದ್ದರೂ 20 ಮೀಟರಿಗೊಂದು ಕಡೆ ಕೈಯಿಂದ ಅಗೆದು ನೋಡಿ. ಇರುವ ಮರ ತೆಗೆಯಬೇಕಾದರೆ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಡಿ ವೃಕ್ಷಾಧಿಕಾರಿಯ ಅನುಮತಿ ಬೇಕು.

ಎಣಿಕೆ ಹೀಗೆ. ಎರಡೂ ತುದಿಯ ತಿರುವಿನಲ್ಲಿ 10 ಮೀಟರ್ ಬಿಟ್ಟರೆ 120 ಮೀಟರ್ ಉಳಿಯಿತು. 8 ಮೀಟರಿಗೊಂದರಂತೆ 16 ಜಾಗ, ಗೇಟು ಮತ್ತು ಮೋರಿಗಳಿಗೆ 4 ಹೋದರೆ 12 ಹೊಂಗೆ. ಪಶ್ಚಿಮಕ್ಕೂ 12 ಬಕುಳ, ಒಂದೊಂದರ ಅಡ್ಡಗಲ 4 ಮೀಟರ್. ಬೆಳೆದ ಮೇಲೆ ಎಲೆಗೊಡೆ ಒಟ್ಟು 490 ಚದರ ಮೀಟರ್ ಹತ್ತಿರ, ಬೀದಿಯ 1,680 ಚದರ ಮೀಟರಿನಲ್ಲಿ ಶೇ. 29. ಇದನ್ನು ಶೇ. 90ಕ್ಕೆ ಏರಿಸುವ ಆಸೆ ಬೇಡ. ಕೊಂಬೆ ಕೊಂಬೆ ಹೆಣೆದು ಬೀದಿ ಪೂರ್ತಿ ಮುಚ್ಚಿದರೆ ರಾತ್ರಿ ಶಾಖ ಆಕಾಶಕ್ಕೆ ಹೋಗದು, ವಾಹನದ ಹೊಗೆಯೂ ಕೆಳಗೇ ನಿಲ್ಲುತ್ತದೆ. ನಡುವೆ ಆಕಾಶ ಕಾಣುವ ಹಾಗಿರಲಿ.

ಕಾಲುವೆ ಕೆಲಸವನ್ನು ಬೇಸಿಗೆಯಲ್ಲಿ ಮುಗಿಸಿ, ಮುಂಗಾರು ಹಿಡಿದ ಮೇಲೆ ಜೂನಿನಲ್ಲಿ ನೆಡಿ. ಸಸಿ ಎರಡು ಮೀಟರಿಗಿಂತ ಎತ್ತರವಿರಲಿ, ಇಲ್ಲದಿದ್ದರೆ ದನ ಬಿಡುವುದಿಲ್ಲ. ಪಾಲಿಥೀನ್ ಚೀಲ ಪೂರ್ತಿ ತೆಗೆಯಿರಿ. ತಳದಲ್ಲಿ ಸುತ್ತಿಕೊಂಡ ಬೇರಿದ್ದರೆ ಕತ್ತರಿಸಿ, ಬಿಟ್ಟರೆ ಹತ್ತು ವರ್ಷದ ನಂತರ ಅದೇ ಬೇರು ಕಾಂಡವನ್ನು ಬಿಗಿಯುತ್ತದೆ. ಚೀಲದಲ್ಲಿದ್ದ ಮಟ್ಟಕ್ಕಿಂತ ಆಳ ಹೂಳಬೇಡಿ. ಮೊದಲ ಎರಡು ಬೇಸಿಗೆ ವಾರಕ್ಕೆರಡು ಬಾರಿ 20 ಲೀಟರ್ ನೀರು ಬೇಕು. 24 ಸಸಿಗೆ ವಾರಕ್ಕೆ 960 ಲೀಟರ್. ಈ ಸಾಲು ಬಜೆಟ್ಟಿನಲ್ಲಿ ಇಲ್ಲದಿದ್ದರೆ ಸಸಿಗಳ ಸಾಲೂ ಬದುಕುವುದಿಲ್ಲ.

## ಹಂತ 4: ತಾರಸಿ, ಮೊದಲು ತೂಕ

ಅದೇ ಬೀದಿಯಲ್ಲಿ 20 ಮೀಟರ್ ಉದ್ದ, 10 ಮೀಟರ್ ಅಗಲದ ಒಂದು ಅಂತಸ್ತಿನ ಆರ್‌ಸಿಸಿ ಕಟ್ಟಡವಿದೆ ಎಂದುಕೊಳ್ಳಿ. ಹತ್ತಿ ಓಡಾಡಬಹುದಾದ ತಾರಸಿಗೆ ಕಟ್ಟಡದ ಭಾರಗಳ ಭಾರತೀಯ ಮಾನಕ ಐಎಸ್ 875ರ ಎರಡನೇ ಭಾಗ ಚದರ ಮೀಟರಿಗೆ 1.5 ಕಿಲೋನ್ಯೂಟನ್, ಅಂದರೆ ಸುಮಾರು 150 ಕೆ.ಜಿ. ಚಲಭಾರ ಹೇಳುತ್ತದೆ. ಹತ್ತುವ ದಾರಿ ಇಲ್ಲದ ತಾರಸಿಗೆ ಅದರ ಅರ್ಧ. ಈ 150 ಕೆ.ಜಿ.ಯನ್ನು ಮಣ್ಣಿಗೆ ಕೊಟ್ಟುಬಿಡುವುದು ಸಾಮಾನ್ಯ ತಪ್ಪು. ಅದು ಜನ, ಸಾಮಾನು ಬಂದು ಹೋಗುವ ಭಾರಕ್ಕೆ. ಮಣ್ಣು ಯಾವತ್ತೂ ಕೂತಿರುವ ಸ್ಥಿರಭಾರ. ಎಷ್ಟು ಸ್ಥಿರಭಾರ ತಡೆಯುತ್ತದೆ ಎಂದು ಸ್ಟ್ರಕ್ಚರಲ್ ಎಂಜಿನಿಯರ್ ಬರೆದುಕೊಡಬೇಕು. ಹಳೆಯ ಮದ್ರಾಸ್ ಟೆರೇಸ್, ಕಬ್ಬಿಣ ತುಕ್ಕು ಹಿಡಿದು ಸಿಮೆಂಟ್ ಉದುರುವ ಮೋಲ್ಡು, ಹಂಚಿನ ಮನೆಗಳ ವಿಚಾರದಲ್ಲಿ ಹಸಿರು ತಾರಸಿಯ ಮಾತೇ ಬೇಡ. ಅಲ್ಲಿ ಬಿಳಿ ಸುಣ್ಣ ಅಥವಾ ಪ್ರತಿಫಲಿಸುವ ಬಿಳಿ ಬಣ್ಣವೇ ಸರಿಯಾದ ಉತ್ತರ, ಖರ್ಚೂ ಕಡಿಮೆ.

ಮಣ್ಣಿನ ತೂಕ ಒಣಗಿದ್ದಾಗಿನದಲ್ಲ, ನೆನೆದಾಗಿನದು. ತೋಟದ ಕೆಂಪು ಮಣ್ಣು ಪೂರ್ತಿ ನೆನೆದರೆ ಘನಮೀಟರಿಗೆ 1,800ರಿಂದ 2,000 ಕೆ.ಜಿ. ಬರುತ್ತದೆ. 15 ಸೆಂಟಿಮೀಟರ್ ಹಾಕಿದರೆ ಚದರ ಮೀಟರಿಗೆ 270ರಿಂದ 300 ಕೆ.ಜಿ. ಆಷಾಢದ ಮಳೆಯಲ್ಲಿ ಬೀಳುವ ತಾರಸಿಗಳ ಲೆಕ್ಕ ಇದು. ಹಗುರ ಮಿಶ್ರಣಕ್ಕೆ ನಮ್ಮ ಸುತ್ತಲೇ ಸಾಮಗ್ರಿ ಇದೆ. 3ರಿಂದ 10 ಮಿಲಿಮೀಟರ್ ಗಾತ್ರಕ್ಕೆ ಕುಟ್ಟಿದ ಒಡೆದ ಮಂಗಳೂರು ಹಂಚು ಐದು ಪಾಲು, ಕೆಂಪು ಮಣ್ಣು ಎರಡು, ಅರಸೀಕೆರೆ ಕಡೆ ಸಿಗುವ ತೆಂಗಿನ ನಾರಿನ ಪುಡಿ ಎರಡು, ಕಳಿತ ಗೊಬ್ಬರ ಒಂದು. ನಾರಿನ ಪುಡಿಯನ್ನು ಎರಡು ಮೂರು ಸಲ ಸಿಹಿನೀರಲ್ಲಿ ತೊಳೆಯದಿದ್ದರೆ ಅದರ ಉಪ್ಪಿಗೆ ಎಲೆಯಂಚು ಸುಡುತ್ತದೆ. ಕ್ಯೂರಿಂಗ್ ವರ್ಕ್ಸಿನ ಕಾಫಿ ಸಿಪ್ಪೆ ಹಾಕುವುದಾದರೆ ಪೂರ್ತಿ ಕಳಿತಿರಲೇಬೇಕು. ಹಸಿ ಸಿಪ್ಪೆ ಬಿಸಿಯೇರಿ ಬೇರನ್ನು ಕೊಲ್ಲುತ್ತದೆ, ವರ್ಷದೊಳಗೆ ಕುಗ್ಗಿ ಅರ್ಧಕ್ಕಿಳಿಯುತ್ತದೆ.

ಮಿಶ್ರಣದ ತೂಕವನ್ನು ಯಾರ ಮಾತಿನ ಮೇಲೂ ಬರೆಯಬೇಡಿ. ತಳಕ್ಕೆ ತೂತು ಹಾಕಿದ 10 ಲೀಟರ್ ಬಕೆಟ್ಟಿಗೆ ಗೆರೆಯ ತನಕ ಮಿಶ್ರಣ ತುಂಬಿ, ಒಂದು ದಿನ ನೀರಲ್ಲಿ ಮುಳುಗಿಸಿಟ್ಟು, ಎರಡು ಗಂಟೆ ಸೋರಲು ಬಿಟ್ಟು ತೂಗಿ. ಬಕೆಟ್ಟಿನ ತೂಕ ಕಳೆದು 13 ಕೆ.ಜಿ. ಬಂದರೆ ಘನಮೀಟರಿಗೆ 1,300. ಒಂದು ಸೆಂಟಿಮೀಟರ್ ದಪ್ಪಕ್ಕೆ ಚದರ ಮೀಟರಿಗೆ 13 ಕೆ.ಜಿ.

ನಮ್ಮ ಕಟ್ಟಡಕ್ಕೆ ಎಂಜಿನಿಯರ್ 100 ಕೆ.ಜಿ. ಎಂದರು ಅನ್ನಿ. ಪದರಗಳು, ಅವು ಹಿಡಿದಿಟ್ಟ ನೀರು, ಗಿಡ ಸೇರಿ 20 ಕೆ.ಜಿ. ಹೋದರೆ 80 ಉಳಿಯಿತು, ಆರು ಸೆಂಟಿಮೀಟರ್ ಮಿಶ್ರಣವಷ್ಟೇ. ಅದರಲ್ಲಿ ಗಿಡಕ್ಕೆ ಸಿಗುವ ನೀರು ಸುಮಾರು ಕಾಲು ಪಾಲು, 15 ಮಿಲಿಮೀಟರ್. ಏಪ್ರಿಲ್‌ನಲ್ಲಿ ದಿನಕ್ಕೆ 3 ಮಿಲಿಮೀಟರ್ ಆವಿಯಾದರೆ ಐದೇ ದಿನದಲ್ಲಿ ಖಾಲಿ. ಇಡೀ ತಾರಸಿಗೆ ಆರು ಸೆಂಟಿಮೀಟರ್ ಹರಡುವುದು ಹಾಗಾಗಿ ಜಾಣತನವಲ್ಲ. ಗೋಡೆ ಮತ್ತು ಬೀಮುಗಳ ಮೇಲೆ ಬರುವ ಪಟ್ಟಿಗಳಲ್ಲಿ 10 ಸೆಂಟಿಮೀಟರ್ ಹಾಕಬಹುದೇ ಎಂದು ಎಂಜಿನಿಯರ್ ಬಳಿಯೇ ಲೆಕ್ಕ ಹಾಕಿಸಿ, ಅಲ್ಲಿ ಭಾರ 150 ಕೆ.ಜಿ. ಆಗುತ್ತದೆ. ಅವರು ಒಪ್ಪಿದರೆ 80 ಚದರ ಮೀಟರ್ ಹಸಿರು, ನಡುವಿನ 100 ಚದರ ಮೀಟರಿಗೆ ಬಿಳಿ ಬಣ್ಣ, ಉಳಿದ 20 ಓಡಾಡುವ ದಾರಿ ಮತ್ತು ಜಲ್ಲಿ ಅಂಚು.

## ಹಂತ 5: ಪದರಗಳು ಮತ್ತು ನೀರು

ಕೆಳಗಿನಿಂದ ಮೇಲಕ್ಕೆ ಕ್ರಮ ಹೀಗಿದೆ:

1. ನೂರಕ್ಕೆ ಒಂದರ ಇಳಿಜಾರು ಇರುವ ಮೋಲ್ಡು. ನೀರು ನಿಲ್ಲುವ ತಗ್ಗುಗಳನ್ನು ಮೊದಲೇ ತುಂಬಿಸಿ.
2. ವಾಟರ್‌ಪ್ರೂಫಿಂಗ್, ಪ್ಯಾರಾಪೆಟ್ ಮೇಲೆ ಮಣ್ಣಿನ ಮಟ್ಟಕ್ಕಿಂತ 15 ಸೆಂಟಿಮೀಟರ್ ಎತ್ತರದವರೆಗೆ. ಆಮೇಲೆ 2.5 ಸೆಂಟಿಮೀಟರ್ ನೀರು ಕಟ್ಟಿ 48 ಗಂಟೆ ನಿಲ್ಲಿಸಿ, ಕೆಳಗಿನ ಕೋಣೆಯ ಮೂಲೆ ಮೂಲೆ ನೋಡಿ.
3. ಬೇರು ತಡೆಯುವ ದಪ್ಪ ಎಚ್‌ಡಿಪಿಇ ಹಾಳೆ, ಜೋಡಣೆಗಳನ್ನು ಬೆಸುಗೆ ಹಾಕಿಸಿದ್ದು.
4. 20 ಮಿಲಿಮೀಟರ್ ಎತ್ತರದ ಗುಬುಟುಗಳಿರುವ ಡ್ರೈನೇಜ್ ಬೋರ್ಡು.
5. ಮಣ್ಣನ್ನು ತಡೆದು ನೀರನ್ನಷ್ಟೇ ಬಿಡುವ ಜಿಯೋಟೆಕ್ಸ್‌ಟೈಲ್ ಬಟ್ಟೆ, ಅಂಚಿನಲ್ಲಿ ಮೇಲಕ್ಕೆ ಮಡಚಿದ್ದು.
6. ಮಿಶ್ರಣ, ಗಿಡ. ಪೈಪಿನ ಬಾಯಿ ಮತ್ತು ಪ್ಯಾರಾಪೆಟ್ ಸುತ್ತ 30 ಸೆಂಟಿಮೀಟರ್ ಬರೀ ಜಲ್ಲಿ.

ಎರಡನೇ ಪದರದ ನೀರು ಕಟ್ಟುವ ಪರೀಕ್ಷೆಯನ್ನು ಬಿಟ್ಟರೆ ಸೋರಿಕೆ ಎಲ್ಲಿದೆ ಎಂದು ಹುಡುಕಲು ಎಲ್ಲವನ್ನೂ ಅಗೆದು ತೆಗೆಯಬೇಕಾಗುತ್ತದೆ.

ಅದಕ್ಕಿಂತ ಅಪಾಯದ ವಿಷಯ ಪೈಪು ಕಟ್ಟಿಕೊಳ್ಳುವುದು. ಗಂಟೆಗೆ 60 ಮಿಲಿಮೀಟರ್ ಮಳೆ ಬಂದರೆ ಈ ತಾರಸಿಯಿಂದ 12,000 ಲೀಟರ್ ಇಳಿಯಬೇಕು. ಎಲೆ ಸಿಕ್ಕಿ ಪೈಪು ಮುಚ್ಚಿ, ಪ್ಯಾರಾಪೆಟ್ ಒಳಗೆ 30 ಸೆಂಟಿಮೀಟರ್ ನೀರು ನಿಂತರೆ ಚದರ ಮೀಟರಿಗೆ 300 ಕೆ.ಜಿ. ಹೆಚ್ಚುವರಿ ಭಾರ. ಕನಿಷ್ಠ ಎರಡು ಪೈಪು, ಅದರ ಜೊತೆಗೆ ಮಣ್ಣಿನ ಮಟ್ಟಕ್ಕಿಂತ 5 ಸೆಂಟಿಮೀಟರ್ ಮೇಲೆ ಪ್ಯಾರಾಪೆಟ್ಟಿನಲ್ಲಿ ತೆರೆದ ದೋಣಿ ಇರಲೇಬೇಕು. ಆ ದೋಣಿಯಿಂದ ನೀರು ಸುರಿಯುವುದು ಬೀದಿಯವರಿಗೆ ಕಂಡರೆ ಒಳ್ಳೆಯದೇ, ಪೈಪು ಕಟ್ಟಿಕೊಂಡಿದೆ ಎಂದು ಕಟ್ಟಡದವರಿಗೆ ಅವರೇ ಹೇಳುತ್ತಾರೆ.

ಗಿಡಗಳಲ್ಲಿ ದೊಡ್ಡಪತ್ರೆ, ಲೋಳೆಸರ, ಟೇಬಲ್ ರೋಸ್, ಗೋಣಿ ಸೊಪ್ಪು ಈ ದಪ್ಪಕ್ಕೆ ಹೊಂದುತ್ತವೆ. ಗರಿಕೆ ಬೇಡ, ಅದರ ಬೇರುಕಾಂಡ ಜೋಡಣೆಗಳಲ್ಲಿ ನುಗ್ಗುತ್ತದೆ. ಲಾನ್ ಹುಲ್ಲಿನ ಮಾತು ಬಂದರೆ ನೀರಿನ ಲೆಕ್ಕ ಮುಂದಿಡಿ. 80 ಚದರ ಮೀಟರಿಗೆ ದಿನಕ್ಕೆ 2 ಮಿಲಿಮೀಟರ್ ಎಂದರೆ 160 ಲೀಟರ್. ಅಷ್ಟು ಆವಿಯಾದರೆ ಚದರ ಮೀಟರಿಗೆ 1.36 ಯೂನಿಟ್ ಶಾಖ ಹೋಗುತ್ತದೆ, ಬೇಸಿಗೆಯ ದಿನವೊಂದರಲ್ಲಿ ಬೀಳುವ ಸುಮಾರು 6 ಯೂನಿಟ್ ಬಿಸಿಲಿನಲ್ಲಿ ಕಾಲು ಭಾಗಕ್ಕಿಂತ ಸ್ವಲ್ಪ ಕಡಿಮೆ. ನೀರು ನಿಲ್ಲಿಸಿದ ದಿನ ಈ ಪಾಲು ಸೊನ್ನೆ. ಒಣ ಹಸಿರು ತಾರಸಿ ಆಗಲೂ ನೆರಳು ಮತ್ತು ಮಣ್ಣಿನ ದಪ್ಪದಿಂದ ಕೋಣೆಯನ್ನು ಕಾಯುತ್ತದೆ, ಆವಿಯಿಂದಲ್ಲ. ಹೇಮಾವತಿಯಿಂದ ಬರುವ ಕುಡಿಯುವ ನೀರನ್ನು ಇದಕ್ಕೆ ಹರಿಸಬಾರದು. ಕೈತೊಳೆಯುವ ಬೇಸಿನ್ನಿನ ನೀರನ್ನು ಮರಳಿನಲ್ಲಿ ಸೋಸಿ ಹನಿ ಪೈಪಿಗೆ ಬಿಡಿ. ಆರ್‌ಒ ಯಂತ್ರದ ತ್ಯಾಜ್ಯ ನೀರಲ್ಲಿ ಲವಣ ಹೆಚ್ಚು, ಬೇಸಿಗೆಯಿಡೀ ಹಾಕಿದರೆ ಮಣ್ಣಿನ ಮೇಲೆ ಬಿಳಿ ಪೊರೆ ಕಟ್ಟುತ್ತದೆ.

## ಹಂತ 6: ಕೆಲಸ ಮಾಡಿತೇ ಎಂದು ನೋಡುವುದು

ತಾರಸಿಯ ಫಲಿತಾಂಶವನ್ನು ಮಧ್ಯಾಹ್ನ ಅಳೆಯಬೇಡಿ. ಮೋಲ್ಡಿನ ಮೇಲೆ ಬಿದ್ದ ಶಾಖ ಕೆಳಗೆ ಇಳಿಯಲು ಕೆಲವು ಗಂಟೆ ಹಿಡಿಯುತ್ತದೆ, ಕೋಣೆಯ ಮೇಲ್ಭಾಗ ಹೆಚ್ಚು ಬಿಸಿಯಾಗುವುದು ಸಂಜೆ. ಐದರಿಂದ ಏಳರ ನಡುವೆ ಹಸಿರು ಪಟ್ಟಿಯ ಕೆಳಗೆ, ಬಿಳಿ ಬಣ್ಣದ ಕೆಳಗೆ, ಮತ್ತು ಏನೂ ಮಾಡದ ಪಕ್ಕದ ಕಟ್ಟಡದ ಅದೇ ಅಂತಸ್ತಿನಲ್ಲಿ ಸೀಲಿಂಗಿನ ಉಷ್ಣತೆ ಓದಿ. ಮೂರನ್ನೂ ಅದೇ ದಿನ, ಫ್ಯಾನು ನಿಲ್ಲಿಸಿ. ಬಿಳಿ ಬಣ್ಣ ಮತ್ತು ಹಸಿರಿನ ನಡುವೆ ಅಂತರ ಚಿಕ್ಕದಿದ್ದರೆ ಅಚ್ಚರಿಪಡಬೇಡಿ, ಮುಚ್ಚಿಡಲೂ ಬೇಡಿ. ಒಂದು ಮಳೆಗಾಲ ಕಳೆದು ಧೂಳು, ಪಾಚಿ ಕೂತ ಮೇಲೆ ಬಿಳಿ ಬಣ್ಣದ ಓದು ಎಷ್ಟು ಏರಿತು ಎಂಬುದನ್ನೂ ಅದೇ ಪಟ್ಟಿಯಲ್ಲಿ ಬರೆಯಿರಿ. ಬಣ್ಣವನ್ನು ಎಷ್ಟು ಕಾಲಕ್ಕೊಮ್ಮೆ ತೊಳೆಯಬೇಕು ಅಥವಾ ಮತ್ತೆ ಬಳಿಯಬೇಕು ಎಂಬುದು ಅದರಿಂದಲೇ ತಿಳಿಯುತ್ತದೆ.

ಬೀದಿಯಲ್ಲಿ ಗಾಳಿಯ ಉಷ್ಣತೆ ಇಳಿಯುವುದು ಹೆಚ್ಚೆಂದರೆ ಒಂದು ಡಿಗ್ರಿಯ ಆಸುಪಾಸು. ನೆರಳಿನಲ್ಲಿ ನಿಂತವರಿಗೆ ತಂಪೆನಿಸುವುದು ನೇರ ಬಿಸಿಲು ಮತ್ತು ಕಾದ ನೆಲದ ಶಾಖ ಮೈಗೆ ತಾಗದಿರುವುದರಿಂದ, ಅದು ಸಾಮಾನ್ಯ ಥರ್ಮಾಮೀಟರಿನಲ್ಲಿ ಕಾಣದು. ಟೇಬಲ್ ಟೆನಿಸ್ ಚೆಂಡಿಗೆ ಮಂಕಾದ ಕಪ್ಪು ಬಣ್ಣ ಬಳಿದು, ತೂತು ಮಾಡಿ ಅದರೊಳಗೆ ಸೆನ್ಸರ್ ಇಟ್ಟರೆ ಅಗ್ಗದ ಗ್ಲೋಬ್ ಥರ್ಮಾಮೀಟರ್ ಆಯಿತು. ಮಧ್ಯಾಹ್ನ ಮೂರಕ್ಕೆ ಹೊಂಗೆಯಡಿ ಹದಿನೈದು ನಿಮಿಷ, ಬಿಸಿಲಲ್ಲಿ ಹದಿನೈದು ನಿಮಿಷ ಇಟ್ಟು ಓದಿ. ಮರ ನೆಡದ ಇನ್ನೊಂದು ಬೀದಿಯನ್ನೂ ಪ್ರತಿ ವರ್ಷ ಜೊತೆಗೆ ಅಳೆಯದಿದ್ದರೆ ಬಂದ ಇಳಿಕೆ ಮರದ್ದೋ, ಆ ವರ್ಷದ ಹವೆಯದ್ದೋ ಹೇಳಲಾಗದು.

ನಿರ್ವಹಣೆಯ ಪಟ್ಟಿಯಲ್ಲಿ ಎರಡು ತಾರೀಖು ಸಾಕು. ಮೇ ಮೊದಲ ವಾರ ಬದುಕಿರುವ ಸಸಿಗಳನ್ನು ಎಣಿಸಿ, ಸತ್ತವುಗಳ ಜಾಗ ಗುರುತಿಸಿ, ಜೂನಿನಲ್ಲಿ ಅಲ್ಲಿಗೇ ಹೊಸ ಸಸಿ ತರಿಸುವುದು. ಅದೇ ವಾರ ತಾರಸಿ ಹತ್ತಿ ಪೈಪಿನ ಬಾಯಿ ತೆಗೆಯುವುದು. ಮಳೆ ಮುಗಿದ ಮೇಲೆ, ಅಕ್ಟೋಬರಿನಲ್ಲಿ, ಹಕ್ಕಿಗಳ ಹಿಕ್ಕೆಯಿಂದ ಪ್ಯಾರಾಪೆಟ್ ಸಂದಿನಲ್ಲಿ ಹುಟ್ಟಿದ ಅರಳಿ, ಆಲದ ಸಸಿಗಳನ್ನು ಬೆರಳುದ್ದ ಇರುವಾಗಲೇ ಬೇರುಸಮೇತ ಕೀಳುವುದು. ಮುಂದಿನ ಮಳೆಗಾಲಕ್ಕೆ ಬಿಟ್ಟರೆ ಬೇರು ವಾಟರ್‌ಪ್ರೂಫಿಂಗ್ ಸೀಳಿಕೊಂಡು ಇಳಿದಿರುತ್ತದೆ, ಆಮೇಲೆ ಕಿತ್ತರೆ ಗೋಡೆಯ ಗಾರೆಯೂ ಜೊತೆಗೆ ಬರುತ್ತದೆ.